‘ಬ್ಯಾಕಪ್ ಕಡಿಮೆ’ ಅಂತ ಬರೀಬೇಡಿ: ವಾರಂಟಿ ಕೌಂಟರಿನ ಒಳಲೆಕ್ಕ

ನಾವೆಲ್ಲ ಪವರ್ ಬ್ಯಾಂಕ್, ಇಯರ್‌ಬಡ್ಸ್, ಚಾರ್ಜರ್ ಕೊಂಡವರೇ. ಅದು ಕೆಟ್ಟಾಗ ಅಂಗಡಿಗೆ ಹೋಗಿ ‘ವಾರಂಟಿ ಇದೆಯಲ್ಲ, ಬದಲಾಯಿಸಿ ಕೊಡಿ’ ಅಂದವರೂ ಹೌದು. ಆಗ ಕೌಂಟರಿನ ಆ ಕಡೆ ಕೂತವನ ತಲೆಯಲ್ಲಿ ಏನು ಓಡುತ್ತಿರುತ್ತೆ ಅನ್ನೋದು ಈ ಬರಹದ ವಿಷಯ. ಅರಸೀಕೆರೆಯಲ್ಲಿ ನಮ್ಮ ಮಾವನದ್ದೊಂದು ಮೊಬೈಲ್ ಆಕ್ಸೆಸರೀಸ್ ಅಂಗಡಿ ಇದೆ. ರಜೆ ಬಂದರೆ ಅಲ್ಲಿನ ವಾರಂಟಿ ಪುಸ್ತಕ ನನ್ನ ಪಾಲಿಗೆ. ಮಾರೋ ಕೆಲಸ ಮಾವನದ್ದು, ವಾಪಸ್ ಬಂದದ್ದನ್ನ ನೋಡೋ ಕೆಲಸ ನನ್ನದು. ಎಲೆಕ್ಟ್ರಾನಿಕ್ಸ್ ಓದುವ ಹುಡುಗನಿಗೆ ಎರಡನೆಯದೇ ಹೆಚ್ಚು ರುಚಿ ಅನ್ನಿ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಡಬ್ಬದ ಮೇಲೆ ‘6 ತಿಂಗಳ ವಾರಂಟಿ’ ಅಂತ ಇದ್ದರೆ ಆ ಮಾತು ಕೊಟ್ಟದ್ದು ಯಾರು? ಬ್ರ್ಯಾಂಡಿನ ಮಾಲಾದರೆ ಕಂಪನಿ. ಅದು ಗ್ರಾಹಕರ ಬಿಲ್ಲಿನ ತಾರೀಖಿನಿಂದ ಎಣಿಸುತ್ತೆ, ಸೀರಿಯಲ್ ನಂಬರ್ ನೋಡುತ್ತೆ, ಸರ್ವೀಸ್ ಸೆಂಟರ್ ಇಟ್ಟಿರುತ್ತೆ. ಹೆಸರಿಲ್ಲದ ಅಥವಾ ಯಾರೂ ಕೇಳಿರದ ಹೆಸರಿನ ಮಾಲಾದರೆ ಆ ಮಾತು ನಿಂತಿರೋದು ಹೋಲ್‌ಸೇಲಿನವನ ಮೇಲೆ. ಅವನಿಗೆ ಸರ್ವೀಸ್ ಸೆಂಟರ್ ಅಂತ ಏನೂ ಇರಲ್ಲ. ಕೆಟ್ಟ ಪೀಸ್ ವಾಪಸ್ ಕೊಟ್ಟರೆ ಮುಂದಿನ ಸರಕಿನ ಜೊತೆ ಒಂದು ಹೊಸ ಪೀಸ್ ಹಾಕಿ ಕಳಿಸ್ತಾನೆ, ಅಷ್ಟೆ. ಅಂಗಡಿಯವನ ದುಡ್ಡು ಹೆಚ್ಚಾಗಿ ಸೋರೋದು ಈ ಎರಡನೇ ಕಡೆಯೇ, ಅದೂ ಒಂದು ತಾರೀಖಿನ ಕಾರಣಕ್ಕೆ.

ಹೀಗೆ ನೋಡಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಜನವರಿ 12ಕ್ಕೆ ಚಾರ್ಜರ್ ಸರಕು ಬಂತು, ಒಂದಕ್ಕೆ 180 ರೂಪಾಯಿ. ಅದರಲ್ಲೊಂದು ಮೇ 5ರ ತನಕ ಅಂಗಡಿ ಗೋಡೆಗೇ ನೇತಾಡಿಕೊಂಡಿದ್ದು ಆಮೇಲೆ 300 ರೂಪಾಯಿಗೆ ಮಾರಾಟವಾಯ್ತು. ಸೆಪ್ಟೆಂಬರ್ 10ಕ್ಕೆ ಗ್ರಾಹಕರು ‘ಸತ್ತೋಯ್ತು’ ಅಂತ ತಂದರು. ಅವರ ಲೆಕ್ಕದಲ್ಲಿ ನಾಲ್ಕು ತಿಂಗಳಾಗಿದೆ, ಆರು ತಿಂಗಳ ಮಾತಿನೊಳಗೇ ಇದೆ. ಹೋಲ್‌ಸೇಲಿನವನು ಎಣಿಸೋದು ತನ್ನ ಬಿಲ್ಲಿನಿಂದ. ಅವನಿಗೆ ಆಗಲೇ ಎಂಟು ತಿಂಗಳು. ಅವನು ತಗೊಳ್ಳಲ್ಲ, ಗ್ರಾಹಕರು ಬಿಡಲ್ಲ. ಬದಲಿ ಕೊಟ್ಟರೆ 300 ರೂಪಾಯಿ ಬಂದ ಕಡೆ 360 ರೂಪಾಯಿ ಮಾಲು ಹೋದ ಹಾಗಾಯ್ತು. ಒಂದು ಚಾರ್ಜರ್ ಅಂತ ಸುಮ್ಮನಾಗಬಹುದು, ಆದರೆ ನಿಧಾನಕ್ಕೆ ಮಾರಾಟವಾಗೋ ಮಾಲೆಲ್ಲ ಇದೇ ಕಥೆ.

ಇದಕ್ಕೆ ಮಾವ ಕಂಡುಕೊಂಡಿರೋ ದಾರಿ ಸರಳ. ಸರಕು ಬಂದ ದಿನವೇ ಪ್ರತಿ ಪೀಸಿಗೂ ಒಂದು ಸಣ್ಣ ಸ್ಟಿಕರ್, ಅದರ ಮೇಲೆ ಬಂದ ತಿಂಗಳು. ಮಾರುವಾಗ ಹಳೇ ತಿಂಗಳಿನದೇ ಮೊದಲು ಕೈಗೆ ಬರಬೇಕು. ಮೂರು ತಿಂಗಳು ದಾಟಿದ ಪೀಸಿಗೆ ಬಿಲ್ಲಿನಲ್ಲಿ ಆರು ತಿಂಗಳು ಅಂತ ಬರೆಯದೆ ‘ಅಂಗಡಿ ವಾರಂಟಿ 3 ತಿಂಗಳು’ ಅಂತ ಬರೆದು, ಬಾಯಲ್ಲೂ ಹಾಗೇ ಹೇಳಿ, ಇಪ್ಪತ್ತೋ ಮೂವತ್ತೋ ರೂಪಾಯಿ ಕಡಿಮೆ ಮಾಡಿ ಕೊಡೋದು. ಬಾಯಿಮಾತಿನ ವಿಷಯ ಯಾಕೆ ಹೇಳ್ತಿದ್ದೀನಿ ಅಂದರೆ, ‘ತಗೊಂಡೋಗಿ ಯಜಮಾನ್ರೇ, ಒಂದು ವರ್ಷ ನಾನಿದ್ದೀನಿ’ ಅಂತ ವ್ಯಾಪಾರ ಕುದುರಿಸೋಕೆ ಹೇಳಿದ ಮಾತು ಕಂಪನಿಯದ್ದಲ್ಲ, ಅಂಗಡಿಯದ್ದು. ಕಂಪನಿಯ ವಾರಂಟಿಯ ಹೊರತಾಗಿ ಮಾರಾಟಗಾರ ತಾನೇ ಕೊಟ್ಟ ಸ್ಪಷ್ಟ ವಾರಂಟಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಬೆಲೆ ಕೊಡುತ್ತೆ. ಆ ಮಾತಿಗೆ ತಕ್ಕಂತೆ ಇಲ್ಲದ ಮಾಲಿನಿಂದ ಯಾರಿಗಾದರೂ ಹಾನಿಯಾದರೆ ಅದರ ಹೊಣೆ ಮಾರಾಟಗಾರನ ಮೇಲೂ ಬರುತ್ತೆ.

ಈಗ ಕೌಂಟರಿಗೆ ಬರೋಣ. ವಾರಂಟಿಗೆ ಅಂತ ಬರೋ ಪವರ್ ಬ್ಯಾಂಕುಗಳಲ್ಲಿ ಬೇಕಾದಷ್ಟು ಕೆಟ್ಟೇ ಇರಲ್ಲ. ಅದನ್ನ ಹತ್ತು ನಿಮಿಷದಲ್ಲಿ ಗುರುತು ಹಿಡಿಯದೆ ಹಾಸನದ ಸರ್ವೀಸ್ ಸೆಂಟರಿಗೆ ಕಳಿಸಿದರೆ ನಲವತ್ತು ಕಿಲೋಮೀಟರಿಗೂ ಮೇಲೆ ಹೋಗಿ, ಒಂದು ವಾರ ಕೂತು, ‘ಸರಿ ಇದೆ’ ಅಂತ ವಾಪಸ್ ಬರುತ್ತೆ. ಒಂದು ಪವರ್ ಬ್ಯಾಂಕಿನಲ್ಲಿ ಉಳಿಯೋ ಲಾಭ ಬಸ್ ಚಾರ್ಜಿಗೇ ಸಾಲಲ್ಲ.

ಮೊದಲನೇ ಅನುಮಾನ ಕೇಬಲ್ ಮೇಲೆ. ಗ್ರಾಹಕರ ಕೇಬಲ್ ತೆಗೆದಿಟ್ಟು, ಅಂಗಡಿಯಲ್ಲಿ ಸರಿ ಇದೆ ಅಂತ ಗೊತ್ತಿರೋ ಒಂದು ಕೇಬಲ್, ಒಂದು ಚಾರ್ಜರ್ ಹಾಕಿ ನೋಡೋದು. ತೆಳ್ಳಗಿನ ತಂತಿಯ, ಎಳೆದೂ ಮಡಿಸಿಯೂ ಸುಸ್ತಾದ ಕೇಬಲಿನಲ್ಲಿ ಹೋಗಿ ಬರೋ ದಾರಿಯ ರೆಸಿಸ್ಟೆನ್ಸ್ ಕಾಲು ಓಮ್ ಇದ್ದರೂ ಸಾಕು, 2 ಆಂಪಿಯರ್ ಹರಿದಾಗ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತೆ. 5 ವೋಲ್ಟ್ ಹೊರಟದ್ದು ಫೋನಿಗೆ ಮುಟ್ಟೋದು ನಾಲ್ಕೂವರೆ. ಫೋನು ತನ್ನ ಕರೆಂಟನ್ನ ತಾನೇ ಇಳಿಸಿಕೊಳ್ಳುತ್ತೆ, ಗ್ರಾಹಕರು ‘ಪವರ್ ಬ್ಯಾಂಕ್ ಸ್ಲೋ’ ಅಂತಾರೆ. ಎರಡನೇದು ಪೋರ್ಟಿನೊಳಗಿನ ಕಸ. ಜೇಬಿನ ನೂಲು, ತೆಂಗಿನ ನಾರು, ಗೋಧಿಹಿಟ್ಟು, ನಮ್ಮೂರಲ್ಲಿ ಎಲ್ಲಾನೂ ನೋಡಿದ್ದೀನಿ. ಟಾರ್ಚ್ ಬಿಟ್ಟು ನೋಡಿ ಮರದ ಹಲ್ಲುಕಡ್ಡಿಯಿಂದ ತೆಗೆಯಬೇಕು, ಸೂಜಿ ಪಿನ್ನು ಹಾಕಬಾರದು. ಮೂರನೇದು ಆರೇಳು ತಿಂಗಳು ಬೀರುವಿನಲ್ಲಿದ್ದು ಪೂರ್ತಿ ಖಾಲಿಯಾದ ಬ್ಯಾಂಕ್. ಒಳಗಿನ ಪ್ರೊಟೆಕ್ಷನ್ ಸರ್ಕ್ಯೂಟ್ ಸೆಲ್ಲನ್ನ ಕಡಿದುಹಾಕಿರುತ್ತೆ, ಬಟನ್ ಒತ್ತಿದರೆ ದೀಪಾನೇ ಬರಲ್ಲ. ಒಳ್ಳೇ ಚಾರ್ಜರಿಗೆ ಹಾಕಿ ಕಣ್ಣೆದುರೇ ಅರ್ಧ ಗಂಟೆ ಬಿಟ್ಟರೆ ಎಷ್ಟೋ ಎದ್ದು ಕೂರುತ್ತವೆ.

ಇನ್ನೊಂದು ದೂರು ಇಯರ್‌ಬಡ್ಸ್ ಇಟ್ಟುಕೊಂಡವರದ್ದು. ‘ಫೋನು ಚಾರ್ಜ್ ಆಗುತ್ತೆ, ಬಡ್ಸ್ ಹಾಕಿದರೆ ಒಂದು ನಿಮಿಷಕ್ಕೆ ಆಫ್ ಆಗುತ್ತೆ’ ಅಂತ. ಅದು ದೋಷ ಅಲ್ಲ. ಬಡ್ಸ್ ಎಳೆಯೋ ಕರೆಂಟು ತೀರಾ ಕಡಿಮೆ ಇದ್ದರೆ ‘ಯಾರೂ ಇಲ್ಲ’ ಅಂದುಕೊಂಡು ಬ್ಯಾಂಕ್ ಮಲಗಿಬಿಡುತ್ತೆ. ಕೆಲವು ಮಾಡೆಲುಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತೆ. ಡಬ್ಬದೊಳಗಿನ ಚೀಟಿಯಲ್ಲಿ ಅದನ್ನ ಬರೆದಿರ್ತಾರೆ, ಆ ಚೀಟಿಯನ್ನ ಯಾರೂ ಓದಿರಲ್ಲ.

ಇವೆಲ್ಲ ಕಳೆದು ಉಳಿಯೋದು ನಿಜವಾದ ಕೇಸು. ಅದರಲ್ಲಿ ಒಂದನ್ನ ಪೂರ್ತಿ ಹೇಳ್ತೀನಿ.

ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರು ಏಪ್ರಿಲ್ 20ಕ್ಕೆ 10,000 ಎಂಎಎಚ್‌ನ ಒಂದು ಬ್ರ್ಯಾಂಡೆಡ್ ಪವರ್ ಬ್ಯಾಂಕ್ ಕೊಂಡಿದ್ದರು, 1,199 ರೂಪಾಯಿ, ಆರು ತಿಂಗಳ ವಾರಂಟಿ. ಸೆಪ್ಟೆಂಬರ್ 2ಕ್ಕೆ ಬಂದರು. ‘ಏನಪ್ಪಾ ಇದು, ಹತ್ತು ಸಾವಿರ ಅಂತ ಕೊಟ್ಟೆ. ನನ್ನ ಮೊಬೈಲು ಐದು ಸಾವಿರದ್ದು. ಎರಡು ಸಲ ತುಂಬಬೇಕಲ್ವ? ಒಂದು ಸಲಾನೂ ತುಂಬ್ತಿಲ್ಲ, ಅರವತ್ತಕ್ಕೆಲ್ಲ ನಿಂತೋಗುತ್ತೆ.’

ಈ ಮಾತಿನಲ್ಲಿ ಒಂದು ತಪ್ಪು ನಿರೀಕ್ಷೆಯೂ ಇದೆ, ಒಂದು ನಿಜವಾದ ದೋಷವೂ ಇದೆ. ಎರಡನ್ನೂ ಬೇರೆ ಮಾಡೋದೇ ನಮ್ಮ ಕೆಲಸ. ಡಬ್ಬದ ಮೇಲಿನ ಹತ್ತು ಸಾವಿರ ಒಳಗಿನ ಸೆಲ್ಲಿನ ಲೆಕ್ಕ, 3.7 ವೋಲ್ಟಿನಲ್ಲಿ. ಹೊರಗೆ ಬರೋದು 5 ವೋಲ್ಟ್. ವೋಲ್ಟೇಜ್ ಏರಿಸುವಾಗ ಸರ್ಕ್ಯೂಟು ತನ್ನ ಪಾಲು ತಿನ್ನುತ್ತೆ. ಅದಕ್ಕೇ ಬ್ಯಾಂಕಿನ ಬೆನ್ನ ಮೇಲೆ ಚಿಕ್ಕ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ ಇನ್ನೊಂದು ಸಂಖ್ಯೆ ಇರುತ್ತೆ. ಇದರಲ್ಲಿ 5 ವೋಲ್ಟ್, 2 ಆಂಪಿಯರಿಗೆ 6,000 ಅಂತ ಇತ್ತು. ಎಲ್ಲವನ್ನೂ ವ್ಯಾಟ್-ಅವರ್‌ಗೆ ತಂದರೆ ಜಗಳವೇ ಇಲ್ಲ:

```
10000 mAh × 3.7 V  = 37 Wh
 6000 mAh × 5 V    = 30 Wh
 5000 mAh × 3.85 V = 19.25 Wh
```

ಮೊದಲನೇ ಸಾಲು ಸೆಲ್ಲಿನೊಳಗಿರೋದು, ಎರಡನೇದು ಕಂಪನಿ ಹೊರಗೆ ಕೊಡ್ತೀನಿ ಅಂದಿರೋದು, ಮೂರನೇದು ಹಿರಿಯರ ಫೋನಿನ ಬ್ಯಾಟರಿ. ಫೋನು ತುಂಬುವಾಗಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತೆ. ನೂರಕ್ಕೆ ಎಂಬತ್ತೈದು ಸೇರುತ್ತೆ ಅಂತ ಹಿಡಿದರೆ, ಖಾಲಿ ಫೋನು ತುಂಬೋಕೆ ಸುಮಾರು 22.6 ವ್ಯಾಟ್-ಅವರ್ ಬೇಕು. ಮೂವತ್ತರಲ್ಲಿ ಅದು ಒಂದೂಕಾಲು ಸಲಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಹೊಸದಾಗಿದ್ದಾಗಲೂ ಎರಡು ಸಲ ತುಂಬುತ್ತಿರಲಿಲ್ಲ. ಇದನ್ನ ಮಾರುವಾಗಲೇ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ನಾವೀಗ ‘ನಿಮ್ಮ ಫೋನಿಗೆ ಒಂದೂಕಾಲು ಸಲ’ ಅಂತಲೇ ಹೇಳಿ ಮಾರೋದು, ಎಂಎಎಚ್ ಮಾತು ಆಡೋದೇ ಕಡಿಮೆ.

ಆದರೆ ಅರವತ್ತಕ್ಕೆ ನಿಲ್ಲೋದು? ಅದು ಲೆಕ್ಕಕ್ಕೆ ಹೊಂದಲ್ಲ. ಇಲ್ಲಿ ಗ್ರಾಹಕರಿಗೆ ಕೇಳಬೇಕಾದ ಒಂದು ಪ್ರಶ್ನೆ ಇದೆ, ಮೀಟರಿಗಿಂತ ಮೊದಲೇ ಅರ್ಧ ಉತ್ತರ ಕೊಡೋ ಪ್ರಶ್ನೆ: ‘ಯಜಮಾನ್ರೇ, ಬ್ಯಾಂಕು ತುಂಬೋಕೆ ಈಗ ಎಷ್ಟು ಹೊತ್ತು?’ ಅವರು, ‘ಮೊದಲು ನಾಲ್ಕು ನಾಲ್ಕೂವರೆ ಗಂಟೆ ಬೇಕಿತ್ತು, ಈಗ ಎರಡು ಗಂಟೆಗೆಲ್ಲ ನಾಲ್ಕು ದೀಪಾನೂ ಬಂದುಬಿಡುತ್ತೆ’ ಅಂದರು. ತುಂಬೋ ಹೊತ್ತೂ ಅರ್ಧ, ಖಾಲಿಯಾಗೋ ಹೊತ್ತೂ ಅರ್ಧ ಆಗಿದ್ದರೆ ಪಾತ್ರೆಯೇ ಚಿಕ್ಕದಾಗಿದೆ ಅಂತ ಅರ್ಥ. ತುಂಬೋಕೆ ಮೊದಲಿನಷ್ಟೇ ಹೊತ್ತು ಬೇಕು, ಆದರೆ ಬೇಗ ಖಾಲಿಯಾಗುತ್ತೆ ಅಂದರೆ ಸೋರಿಕೆ ಬೇರೆಲ್ಲೋ ಇದೆ: ಕನ್ವರ್ಟರಿನಲ್ಲಿ, ಕೇಬಲಿನಲ್ಲಿ, ಇಲ್ಲಾ ಸುಮ್ಮನೆ ಇಟ್ಟಾಗಲೂ ಕರೆಂಟು ತಿನ್ನೋ ಬೋರ್ಡಿನಲ್ಲಿ.

ಆಮೇಲೆ ಅಳೆಯೋದು. ಅಂಗಡಿಯಲ್ಲಿ ಎರಡು ಸಾಮಾನು ಇಟ್ಟಿದ್ದೀನಿ, ಒಂದು ಯುಎಸ್‌ಬಿ ಮೀಟರ್, ಒಂದು ಫ್ಯಾನ್ ಇರೋ ಯುಎಸ್‌ಬಿ ಲೋಡ್. ನಮ್ಮ ಲ್ಯಾಬಿನ ಉಪಕರಣಗಳ ಮುಂದೆ ಇವು ಆಟಿಕೆ, ಆದರೆ ಈ ಕೆಲಸಕ್ಕೆ ಧಾರಾಳ ಸಾಕು. ಬ್ಯಾಂಕನ್ನ ಪೂರ್ತಿ ತುಂಬಿ, ಲೋಡನ್ನ 2 ಆಂಪಿಯರಿಗೆ ಇಟ್ಟು, ಮೀಟರ್ ಸೊನ್ನೆ ಮಾಡಿ ಬಿಟ್ಟುಬಿಡೋದು. ಲೇಬಲ್ ಮೇಲೆ ಎಷ್ಟು ಆಂಪಿಯರ್ ಅಂತ ಇದೆಯೋ ಅಷ್ಟೇ ಇಡಬೇಕು. ಬೇರೆ ಕರೆಂಟಿನಲ್ಲಿ ಅಳೆದರೆ ಬರೋ ಸಂಖ್ಯೆಯನ್ನ ಲೇಬಲ್ ಜೊತೆ ಹೋಲಿಸೋಕೆ ಆಗಲ್ಲ. ಲೋಡು ಹತ್ತು ವ್ಯಾಟ್ ಬಿಸಿ ಕಾರುತ್ತೆ, ಪೇಪರ್ ಮೇಲೆ ಇಡಬೇಡಿ, ಬಿಟ್ಟು ಊಟಕ್ಕೆ ಹೋಗಬೇಡಿ. ಸರಿ ಇರೋ ಬ್ಯಾಂಕಾದರೆ ಮೂರು ಗಂಟೆ ಹತ್ತಿರ ಓಡಬೇಕು. ಇದು 87 ನಿಮಿಷಕ್ಕೆ ನಿಂತಿತು. ಮೀಟರ್ ತೋರಿಸಿದ್ದು 2,900 ಎಂಎಎಚ್, 14.4 ವ್ಯಾಟ್-ಅವರ್. ಹಿರಿಯರ ಫೋನಿಗೆ ಬೇಕಾದ 22.6ರಲ್ಲಿ ಇದು ನೂರಕ್ಕೆ ಅರವತ್ತನಾಲ್ಕು. ಅವರು ‘ಅರವತ್ತಕ್ಕೆ ನಿಲ್ಲುತ್ತೆ’ ಅಂದದ್ದು ಸುಳ್ಳಲ್ಲ ನೋಡಿ.

ಹತ್ತು ಸಾವಿರದ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಐದೈದು ಸಾವಿರದ ಎರಡು ಸೆಲ್ ಪ್ಯಾರಲಲ್ ಆಗಿರುತ್ತವೆ. ನಾಲ್ಕೇ ತಿಂಗಳಿಗೆ ಸರಿಯಾಗಿ ಅರ್ಧಕ್ಕೆ ಇಳಿದಿದೆ ಅಂದರೆ ಬಳಸಿ ಸವೆದದ್ದಲ್ಲ, ಒಂದು ಸೆಲ್ಲಿನ ಸಂಪರ್ಕವೇ ಬಿಟ್ಟುಹೋಗಿರಬೇಕು ಅಂತ ಅನುಮಾನ ಪಡಬಹುದು. ಸವೆತ ಹೀಗೆ ಒಂದೇ ಏಟಿಗೆ ಬರಲ್ಲ, ನಿಧಾನವಾಗಿ ಇಳಿಯುತ್ತೆ. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಬಳಕೆಯಿಂದ ಕಡಿಮೆಯಾದ ಕೆಪಾಸಿಟಿಗೆ ವಾರಂಟಿ ಇಲ್ಲ ಅಂತ ಬಹಳಷ್ಟು ವಾರಂಟಿ ಕಾರ್ಡುಗಳಲ್ಲಿ ಬರೆದಿರುತ್ತೆ. ತಿರುಪು ಬಿಚ್ಚಿ ನೋಡಿಬಿಡೋಣ ಅಂತ ಕೈ ತುರಿಸುತ್ತೆ, ನಿಜ. ಬಿಚ್ಚಿದರೆ ವಾರಂಟಿ ಅಲ್ಲಿಗೇ ಮುಗಿಯಿತು. ಅಂಗಡಿಯಲ್ಲಿ ಸ್ಕ್ರೂ ಡ್ರೈವರ್ ಮುಟ್ಟೋ ಹಾಗಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಸೆಪ್ಟೆಂಬರ್ 6ಕ್ಕೆ ಅಂಗಡಿ ಹುಡುಗನ ಕೈಲಿ ಹಾಸನಕ್ಕೆ ಕಳಿಸಿದೆವು. ಒಂದು ಪೀಸಿಗಾಗಿ ಹೋಗೋದಲ್ಲ, ಏಳೆಂಟು ಸೇರಿಸಿ ಹತ್ತು ದಿನಕ್ಕೊಮ್ಮೆ ಹೋಗೋದು ರೂಢಿ. ಜೊತೆಗೆ ಒಂದು ಡೆಲಿವರಿ ಚಲನ್ ಇರುತ್ತೆ, ಮಾರೋಕೆ ಅಲ್ಲ ರಿಪೇರಿಗೆ ಅಂತ. ಬಿಲ್ ಮಾಡಬಾರದು. ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ಕೂತ ಹುಡುಗ ನಮ್ಮ ಚೀಟಿ ಓದದೆ, ಜಾಬ್ ಶೀಟಿನಲ್ಲಿ ‘ಲೋ ಬ್ಯಾಕಪ್’ ಅಂತ ಎರಡೇ ಪದ ಬರೆದ. 15ನೇ ತಾರೀಖು ವಾಪಸ್ ಬಂತು: ‘ಚಾರ್ಜಿಂಗ್ ಓಕೆ, ಔಟ್‌ಪುಟ್ ಓಕೆ, ನೋ ಫಾಲ್ಟ್ ಫೌಂಡ್.’

ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅಲ್ಲಿನವರು ಬ್ಯಾಂಕಿಗೆ ಚಾರ್ಜರ್ ಹಾಕಿ ದೀಪ ನೋಡ್ತಾರೆ, ಫೋನ್ ಹಾಕಿ ಚಾರ್ಜ್ ಆಗುತ್ತಾ ನೋಡ್ತಾರೆ. ಅರ್ಧ ಪಾತ್ರೆಯ ಬ್ಯಾಂಕು ಈ ಎರಡರಲ್ಲೂ ಪಾಸಾಗುತ್ತೆ. ದಿನಕ್ಕೆ ಅಷ್ಟೊಂದು ಪೀಸು ಬರೋ ಜಾಗದಲ್ಲಿ ಒಂದೊಂದಕ್ಕೂ ಮೂರು ಗಂಟೆ ಲೋಡ್ ಟೆಸ್ಟ್ ಯಾರು ಮಾಡ್ತಾರೆ? ಹಾಗಾಗಿ ಜಾಬ್ ಶೀಟಿನ ದೂರಿನ ಸಾಲೇ ಎಲ್ಲ. ‘ಲೋ ಬ್ಯಾಕಪ್’ ಅನ್ನೋದು ಅಭಿಪ್ರಾಯ, ಅದನ್ನ ಇನ್ನೊಂದು ಅಭಿಪ್ರಾಯದಿಂದ ತಳ್ಳಿಹಾಕಬಹುದು. ‘ಪೂರ್ತಿ ಚಾರ್ಜಿನ ನಂತರ 5 ವೋಲ್ಟ್, 2 ಆಂಪಿಯರ್ ಲೋಡಿಗೆ 2,900 ಎಂಎಎಚ್ ಬಂತು, ಲೇಬಲ್ ಮೇಲೆ 6,000 ಇದೆ’ ಅನ್ನೋದನ್ನ ತಳ್ಳಿಹಾಕಬೇಕಾದರೆ ಅವರೂ ಅಳೆಯಲೇಬೇಕು. ಜಾಬ್ ಶೀಟಿಗೆ ಸಹಿ ಹಾಕೋ ಮೊದಲು ಈ ಸಾಲು ಹೀಗೇ ಬರೆಸಿ. ಜಾಗ ಇಲ್ಲ ಅಂದರೆ ಪಕ್ಕದಲ್ಲಿ ನೀವೇ ಪೆನ್ನಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ.

16ನೇ ತಾರೀಖು ಕಂಪನಿಯ ಕಸ್ಟಮರ್ ಕೇರಿಗೆ ಒಂದು ಮೇಲ್ ಹೋಯ್ತು. ಅದರಲ್ಲಿದ್ದದ್ದು ನಾಲ್ಕೇ: ಹಳೇ ಜಾಬ್ ನಂಬರ್, ಬಿಲ್ಲಿನ ಪ್ರತಿ, ಸೀರಿಯಲ್ ನಂಬರ್ ಮತ್ತು ರೇಟೆಡ್ ಕೆಪಾಸಿಟಿ ಕಾಣೋ ಲೇಬಲ್ ಫೋಟೋ, ಮೀಟರ್ ನಿಂತ ಸಂಖ್ಯೆಯ ಫೋಟೋ. ಬೈಗುಳ ಇಲ್ಲ, ‘ಇಷ್ಟು ವರ್ಷದಿಂದ ನಿಮ್ಮ ಮಾಲು ಮಾರ್ತಿದ್ದೀವಿ’ ಅನ್ನೋ ಗೋಳೂ ಇಲ್ಲ. ಓದೋನಿಗೆ ಬೇಕಾದ್ದು ಒಪ್ಪಿಗೆ ಕೊಡೋಕೆ ಒಂದು ಕಾರಣ, ಅಷ್ಟೆ. 27ಕ್ಕೆ ಅದೇ ಮಾಡೆಲ್‌ನ ಬದಲಿ ಪೀಸ್ ಹಾಸನಕ್ಕೆ ಬಂತು. ವಾರಂಟಿ ಅಕ್ಟೋಬರ್ 20ಕ್ಕೆ ಮುಗಿಯೋದಿತ್ತು, ಹಾಗಾಗಿ ಆ ಮೊದಲನೇ ಜಾಬ್ ನಂಬರನ್ನ ಹಿಡಿದುಕೊಂಡೇ ಮಾತಾಡಿದೆವು. ಪದೇ ಪದೇ ಹೊಸ ದೂರು ಕೊಡ್ತಾ ಹೋದರೆ ಕೊನೆಯದರ ಹೊತ್ತಿಗೆ ವಾರಂಟಿ ಮುಗಿದಿರುತ್ತೆ. ಅವಧಿಯೊಳಗೆ ದೂರು ಕೊಟ್ಟಿದ್ದೆವು ಅನ್ನೋದಕ್ಕೆ ಮೊದಲನೇ ಶೀಟೇ ಸಾಕ್ಷಿ.

ಈ 25 ದಿನ ಹಿರಿಯರ ಕಡೆಗೇನಾಗ್ತಿತ್ತು? ಅವರ ಕೈಗೆ ಅಂಗಡಿಯ ಒಂದು ಹಳೇ ಪವರ್ ಬ್ಯಾಂಕ್ ಕೊಟ್ಟು, ಪುಸ್ತಕದಲ್ಲಿ ಬರೆದು ಸಹಿ ತಗೊಂಡಿದ್ವಿ. ಇದಕ್ಕಾಗಿಯೇ ಎರಡು ಇಟ್ಟಿದ್ದೀವಿ. ಜನ ಸಿಟ್ಟಾಗೋದು ಹೆಚ್ಚಾಗಿ ಮಾಲು ಕೆಟ್ಟಿದ್ದಕ್ಕಲ್ಲ, ‘ನಾಳೆ ಬನ್ನಿ’ ಅಂತ ನಾಲ್ಕು ಸಲ ಕರೆಸಿದ್ದಕ್ಕೆ. ಹತ್ತು ದಿನ ಆಗುತ್ತೆ ಅನ್ನಿಸಿದರೆ ಹದಿನೈದು ಅನ್ನಬೇಕು, ಬಂದ ದಿನ ನಾವೇ ಫೋನ್ ಮಾಡಬೇಕು. 15ನೇ ತಾರೀಖು ವಾಪಸ್ ಬಂದಾಗಲೂ ಮುಚ್ಚಿಡದೆ, ‘ಯಜಮಾನ್ರೇ, ಅವರು ಇಲ್ಲ ಅಂದವ್ರೆ, ನಾವು ಮೇಲಕ್ಕೆ ಬರೆದಿದ್ದೀವಿ, ಈ ತಿಂಗಳ ಕೊನೆ ತನಕ ಟೈಮ್ ಕೊಡಿ’ ಅಂತ ಮಾವ ಹೇಳಿದ್ರು. ‘ಆಯ್ತು ಬಿಡಪ್ಪ, ಇದು ಹೆಂಗೂ ಓಡ್ತಾ ಐತೆ’ ಅಂದರು ಹಿರಿಯರು.

ಬದಲಿ ಪೀಸ್ ಕೈಗೆ ಕೊಟ್ಟರೆ ಕೆಲಸ ಮುಗಿಯಲ್ಲ. ಹೊಸ ಪೀಸಿನ ಸೀರಿಯಲ್ ನಂಬರ್ ಬೇರೆ, ಹಳೇ ಬಿಲ್ಲಿನಲ್ಲಿರೋದು ಬೇರೆ. ಮತ್ತೆ ಕೆಟ್ಟರೆ ‘ಈ ಬಿಲ್ಲು ಈ ಪೀಸಿನದ್ದಲ್ಲ’ ಅಂತ ಅಲ್ಲೇ ತಿರಸ್ಕಾರ. ಅದಕ್ಕೇ ಹಳೇ ಬಿಲ್ಲಿನ ಮೇಲೆ ಹೊಸ ನಂಬರ್, ಜಾಬ್ ನಂಬರ್, ತಾರೀಖು ಬರೆದು ಸೀಲ್ ಒತ್ತಿ, ಸರ್ವೀಸ್ ಸೆಂಟರ್ ಕೊಟ್ಟ ಚೀಟಿಯನ್ನೂ ಅದಕ್ಕೇ ಪಿನ್ ಮಾಡಿ ಕೊಡ್ತೀವಿ. ಬದಲಿ ಪೀಸಿಗೆ ಹೊಸದಾಗಿ ಆರು ತಿಂಗಳು ಸಿಗಲ್ಲ, ಸಾಮಾನ್ಯವಾಗಿ ಹಳೇದರಲ್ಲಿ ಉಳಿದ ಅವಧಿಯಷ್ಟೇ. ಇದನ್ನ ಕೊಡುವಾಗಲೇ ಹೇಳಬೇಕು. ಬಿಲ್ಲಿನ ವಿಷಯ ಬಂತು ಅಂತ ಇನ್ನೊಂದು ಮಾತು. ಥರ್ಮಲ್ ಪೇಪರಿನ ಬಿಲ್ಲು ಪರ್ಸಿನಲ್ಲೇ ಇದ್ದರೆ ಕೆಲವೇ ತಿಂಗಳಲ್ಲಿ ಬಿಳಿ ಕಾಗದ. ಜೋಪಾನ ಮಾಡೋಣ ಅಂತ ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಇನ್ನೂ ಬೇಗ ಅಳಿಸುತ್ತೆ. ಮಾರಿದ ಕೂಡಲೇ ಬಿಲ್ಲನ್ನ ಗ್ರಾಹಕರ ವಾಟ್ಸಾಪಿಗೆ ಕಳಿಸಿಬಿಡೋದೇ ವಾಸಿ.

ಎಲ್ಲ ಕ್ಲೇಮೂ ಹೀಗೆ ಗೆಲ್ಲಲ್ಲ, ಗೆಲ್ಲಬಾರದು ಕೂಡ. ಬಕೆಟ್ಟಿಗೆ ಬಿದ್ದ ಬಡ್ಸ್, ಪಿನ್ ಬಾಗಿದ ಚಾರ್ಜರ್, ನಾಯಿ ಕಚ್ಚಿದ ಕೇಬಲ್ ಬರುತ್ತವೆ. ‘ಆಗಲ್ಲ’ ಅನ್ನೋದನ್ನ ಬಾಯಲ್ಲಿ ಹೇಳೋ ಬದಲು ಭೂತಗನ್ನಡಿ ಕೈಗೆ ಕೊಟ್ಟು ಪೋರ್ಟಿನೊಳಗಿನ ಹಸಿರು ಕಿಲುಬು ಅವರಿಗೇ ತೋರಿಸಿದರೆ ಮಾತು ಬೆಳೆಯಲ್ಲ. ಇದರ ಇನ್ನೊಂದು ಮುಖವೂ ಇದೆ. ನಾವು ಸರಿಯಾಗಿದ್ದ ಪೀಸ್ ಕಳಿಸಿ, ಅದು ‘ಫಿಸಿಕಲ್ ಡ್ಯಾಮೇಜ್’ ಅಂತ ವಾಪಸ್ ಬಂದದ್ದೂ ಉಂಟು. ಅದಕ್ಕೇ ಪೀಸ್ ತಗೊಳ್ಳುವಾಗ ಗ್ರಾಹಕರ ಎದುರಿಗೇ ಮುಂದೆ, ಹಿಂದೆ, ಪೋರ್ಟು ಅಂತ ಮೂರು ಫೋಟೋ ತೆಗೆದು ಅವರಿಗೂ ಕಳಿಸ್ತೀವಿ. ಆಮೇಲೆ ಗೀರು ಎಲ್ಲಿ ಬಂತು ಅನ್ನೋ ಪ್ರಶ್ನೆಗೆ ಉತ್ತರ ಫೋನಿನಲ್ಲೇ ಇರುತ್ತೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಆದರೆ ಒಳಗಿನ ಫೋಟೋ, ಹಾಡು ವಾಪಸ್ ಬರಲ್ಲ, ಕಾರ್ಡ್ ಮಾತ್ರ ಬರೋದು ಅಂತ ಹೇಳಿ, ಒಪ್ಪಿದರೆ ಮಾತ್ರ ತಗೊಳ್ಳೋದು. ಮದುವೆ ಫೋಟೋ ಇದ್ದ ಕಾರ್ಡನ್ನ ಯಾರೂ ಹೊಸ ಖಾಲಿ ಕಾರ್ಡಿಗೆ ಬದಲಾಯಿಸಿಕೊಂಡು ಖುಷಿಯಾಗಲ್ಲ.

ಕಂಪನಿಯೂ ಒಪ್ಪದೆ, ನಮಗೂ ದೋಷ ನಿಜ ಅಂತ ಗೊತ್ತಿದ್ದರೆ? ಆಗ ಕಾನೂನಿನ ಒಂದು ಸೂಕ್ಷ್ಮ ತಿಳಿದಿರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮತ್ತೆ ಮಾರೋದಕ್ಕಾಗಿ ಕೊಂಡವನು ‘ಗ್ರಾಹಕ’ ಅಲ್ಲ. ಅಂಗಡಿಯವನು ಕಂಪನಿಯ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗೋಕೆ ಆಗಲ್ಲ, ಕೊಂಡ ಹಿರಿಯರು ಹೋಗಬಹುದು. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸೋದು ಮೊದಲ ಹೆಜ್ಜೆ. ಅದೂ ಸಾಲದಿದ್ದರೆ ತಾವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದೊಳಗಿನ ಮಾಲಿಗೆ ಶುಲ್ಕವೂ ಇಲ್ಲ. ಆ ದೂರಿನಲ್ಲಿ ಅಂಗಡಿಯ ಹೆಸರೂ ಎದುರು ಪಕ್ಷವಾಗಿ ಬರುತ್ತೆ ಅನ್ನೋ ಭಯಕ್ಕೆ ಎಷ್ಟೋ ಅಂಗಡಿಯವರು ಈ ಮಾತೇ ಎತ್ತಲ್ಲ. ನನ್ನ ಅಭಿಪ್ರಾಯ ಬೇರೆ. ಮೀಟರ್ ಫೋಟೋ, ಎರಡು ಜಾಬ್ ಶೀಟು, ಮೇಲ್ ಎಲ್ಲಾನೂ ಒಂದು ಕವರಿಗೆ ಹಾಕಿ ನಾವೇ ಗ್ರಾಹಕರ ಕೈಗೆ ಕೊಟ್ಟರೆ, ಯಾರು ಕೆಲಸ ಮಾಡಿದ್ದಾರೆ, ಯಾರು ಮಾಡಿಲ್ಲ ಅನ್ನೋದು ಆ ಕಾಗದಗಳಲ್ಲೇ ಕಾಣುತ್ತೆ.

ಇದೇ ಕಾಯ್ದೆ ಅಂಗಡಿಯವನ ಕಡೆಗೂ ಬೆರಳು ತೋರಿಸುತ್ತೆ. ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸೋದು ನಮ್ಮ ಕಡೆ ಹಳೇ ಪದ್ಧತಿ. ದೋಷ ಇರೋ ಮಾಲನ್ನ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡೋಕೆ ನಿರಾಕರಿಸೋದನ್ನ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತೆ. ಬಿಲ್ಲೇ ಕೊಡದಿರೋದೂ ಅದೇ ಪಟ್ಟಿಯಲ್ಲಿದೆ. ನಮ್ಮ ಬಿಲ್ಲಿನಲ್ಲಿ ಆ ಸಾಲು ತೆಗೆಸಿ, ಯಾವ ಮಾಲಿಗೆ ಯಾರ ವಾರಂಟಿ, ಎಷ್ಟು ತಿಂಗಳು ಅಂತ ಎರಡು ಕಾಲಂ ಹಾಕಿಸಿದ್ದೀವಿ.

ಕೊನೆಯದಾಗಿ ಉಬ್ಬಿದ ಬ್ಯಾಂಕು. ಇದಕ್ಕೆ ಮೇಲೆ ಹೇಳಿದ ಯಾವ ಪರೀಕ್ಷೆಯೂ ಬೇಡ. ಕೌಂಟರಿನ ಗಾಜಿನ ಮೇಲೆ ಇಟ್ಟು ಬೆರಳಲ್ಲಿ ತಟ್ಟಿದರೆ ಚಪ್ಪಟೆ ಇರಬೇಕಾದ್ದು ತೊಟ್ಟಿಲ ಹಾಗೆ ಅಲ್ಲಾಡುತ್ತೆ, ಇಲ್ಲಾ ಅಂಚಿನ ಜೋಡಣೆ ಬಾಯಿ ಬಿಟ್ಟಿರುತ್ತೆ. ಅದನ್ನ ಚಾರ್ಜಿಗೆ ಹಾಕಬಾರದು, ಒತ್ತಬಾರದು, ಉಳಿದ ಪೀಸುಗಳ ಜೊತೆ ಬಸ್ಸಿನಲ್ಲಿ ಕಳಿಸಬಾರದು, ಕೊರಿಯರಿಗೆ ಕೊಡಲೇಬಾರದು. ಹಾನಿಯಾದ ಲಿಥಿಯಂ ಬ್ಯಾಟರಿಯನ್ನ ವಿಮಾನದಲ್ಲಿ ಸಾಗಿಸೋದು ನಿಷಿದ್ಧ, ಕೊರಿಯರ್ ಯಾವ ದಾರಿ ಹಿಡಿಯುತ್ತೆ ಅಂತ ಕಳಿಸೋರಿಗೆ ಗೊತ್ತಿರಲ್ಲ. ಫೋಟೋ, ಸೀರಿಯಲ್ ನಂಬರ್, ಬಿಲ್ಲು ಮೂರನ್ನೂ ಕಂಪನಿಗೆ ಮೇಲ್ ಮಾಡಿ, ‘ಪೀಸ್ ಉಬ್ಬಿದೆ, ನಾವು ಕಳಿಸಲ್ಲ, ನೀವೇ ಬಂದು ತಗೊಳ್ಳಿ ಅಥವಾ ಫೋಟೋ ಮೇಲೆ ಒಪ್ಪಿಗೆ ಕೊಡಿ’ ಅಂತ ಕೇಳ್ತೀವಿ. ಅಲ್ಲಿಯವರೆಗೆ ಅದು ಇರೋದು ಅಂಗಡಿಯ ಹಿತ್ತಲಿನಲ್ಲಿ, ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ.